ಇನ್ನೂರ ಒಂದನೇ ಯೂನಿಟ್‌ನ ಬೆಲೆ

ಏಪ್ರಿಲ್ ಬಂತೆಂದರೆ ಆಫೀಸಿನ ಊಟದ ಟೇಬಲ್‌ನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ. "ಎಸಿ ಹಾಕಿಸಿದ್ರೆ ತಿಂಗಳಿಗೆ ಕರೆಂಟ್ ಬಿಲ್ ಎಷ್ಟಾಗುತ್ತೆ ಮಾರಾಯ?" ಉತ್ತರಗಳು ಎಂಟುನೂರರಿಂದ ಮೂರೂವರೆ ಸಾವಿರದವರೆಗೆ ಹರಡಿಕೊಂಡಿರುತ್ತವೆ. ತಮಾಷೆ ಅಂದ್ರೆ, ಯಾರೂ ಸುಳ್ಳು ಹೇಳ್ತಿರೋದಿಲ್ಲ. ಪ್ರತಿಯೊಬ್ಬರೂ ಬೇರೆ ಬೇರೆ ಲೆಕ್ಕ ಹೇಳ್ತಿರ್ತಾರೆ, ಅಷ್ಟೇ.

ಶಾಲೆಯಲ್ಲಿ ಕಲಿತ ಲೆಕ್ಕ ಎಲ್ಲರಿಗೂ ಗೊತ್ತು. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್. ಅದನ್ನು ದರದಿಂದ ಗುಣಿಸಿದರೆ ರೂಪಾಯಿ. ಸೂತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ನಾವು ತುಂಬಿಸುವ ಎರಡು ಸಂಖ್ಯೆಗಳಲ್ಲಿ, ಅಂದರೆ ವ್ಯಾಟ್‌ನಲ್ಲೂ ದರದಲ್ಲೂ, ಯಡವಟ್ಟು ಆಗುತ್ತೆ. ಅದರಲ್ಲೂ ಗೃಹಜ್ಯೋತಿ ಇರುವ ಮನೆಯಲ್ಲಿ ದರದ ಕಥೆಯೇ ಬೇರೆ. ಈ ಸಲ ಒಂದು ಮನೆಯ ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ.

ನನ್ನ ಸ್ನೇಹಿತನೊಬ್ಬ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಎರಡನೇ ಮಹಡಿ, ಮೇಲೆ ಬರೀ ತಾರಸಿ. ಮನೆಯಲ್ಲಿ ಹೆಂಡತಿ, ಎಂಟು ತಿಂಗಳ ಮಗಳು, ಊರಿಂದ ಬಂದ ಅಪ್ಪ ಅಮ್ಮ. ಹಗಲೆಲ್ಲ ಕಾದ ತಾರಸಿ ರಾತ್ರಿಯಿಡೀ ಶಾಖ ಬಿಡುತ್ತೆ, ಮಗುವಿಗೆ ಕುತ್ತಿಗೆ ತುಂಬ ಬೆವರುಸಾಲೆ. ಹಾಗಾಗಿ ಒಂದೂವರೆ ಟನ್‌ನ, ಮೂರು ಸ್ಟಾರ್‌ನ ಇನ್ವರ್ಟರ್ ಎಸಿ ಹಾಕಿಸಿದ್ರು. ಮೊದಲ ವಾರ ಅಪ್ಪ ದಿನಾ ರಾತ್ರಿ ಎರಡು ಗಂಟೆಗೆ ಎದ್ದು ಬಂದು ಎಸಿ ಆಫ್ ಮಾಡೋರು. ಮೂರು ಗಂಟೆಗೆ ಮಗು ಅಳೋದು. ಅಪ್ಪನಿಗೆ ಬಿಲ್ಲಿನ ಭಯ. ಆ ಭಯಕ್ಕೊಂದು ಕಾರಣವೂ ಇತ್ತು. ಎಸಿಯ ಪಕ್ಕದ ಸ್ಟಿಕ್ಕರ್ ಮೇಲೆ 1600 ವ್ಯಾಟ್ ಅಂತ ಇದ್ದದ್ದನ್ನು ಅವರು ಓದಿದ್ದರು.

ಅವರ ಲೆಕ್ಕ ಹೀಗಿತ್ತು. 1.6 ಕಿಲೋವ್ಯಾಟ್, ದಿನಕ್ಕೆ 8 ಗಂಟೆ, 30 ದಿನ. ಒಟ್ಟು 384 ಯೂನಿಟ್. ಬರೀ ಎಸಿಗೆ ಎರಡೂವರೆ ಸಾವಿರ ರೂಪಾಯಿ. ಕೇಳಿದರೆ ಯಾರಿಗಾದರೂ ನಿದ್ದೆ ಹಾರಿಹೋಗುತ್ತೆ.

ಆದರೆ ಆ 1600 ಅನ್ನೋದು ಎಸಿ ಪೂರ್ತಿ ದಮ್ಮು ಕಟ್ಟಿ ಓಡುವಾಗಿನ ಸಂಖ್ಯೆ. ಇನ್ವರ್ಟರ್ ಎಸಿಯ ಕಂಪ್ರೆಸರ್ ಯಾವಾಗಲೂ ಹಾಗೆ ಓಡೋದಿಲ್ಲ. ರೂಮು ಕಾದಿರುವಾಗ ಜೋರಾಗಿ ಓಡಿ, ನಾವು ಇಟ್ಟ ತಾಪಮಾನದ ಹತ್ತಿರ ಬಂದಂತೆ ನಿಧಾನ ಆಗುತ್ತೆ. ಆಮೇಲೆ ಗೋಡೆ, ಸೂರು, ಕಿಟಕಿ ಸಂದಿಯಿಂದ ಒಳಗೆ ಬರುವ ಶಾಖವನ್ನಷ್ಟೇ ಹೊರಗೆ ಹಾಕ್ತಾ ಇರುತ್ತೆ. ಬೈಕಿನ ಟಾಪ್ ಸ್ಪೀಡ್ 120 ಇದೆ ಅಂತ ನಾವು ದಿನಾ ಆಫೀಸಿಗೆ 120ರಲ್ಲಿ ಹೋಗ್ತೀವಾ? ಹಾಗೇ ಇದು. ಹಳೇ ಕಾಲದ ಇನ್ವರ್ಟರ್ ಇಲ್ಲದ ಎಸಿಯಲ್ಲಿ ಕಂಪ್ರೆಸರ್ ನಿಧಾನ ಆಗೋದಿಲ್ಲ, ಪೂರ್ತಿ ಓಡುತ್ತೆ ಅಥವಾ ಪೂರ್ತಿ ನಿಲ್ಲುತ್ತೆ. ಅಲ್ಲೂ ನಿಂತ ಸಮಯಕ್ಕೆ ಕರೆಂಟ್ ಲೆಕ್ಕ ಬರೀ ಫ್ಯಾನಿನದ್ದು.

ಹಾಗಾದ್ರೆ ಯಾವ ವ್ಯಾಟ್ ಹಿಡೀಬೇಕು? ಮೊದಲ ಅಂದಾಜಿಗೆ ಸ್ಟಾರ್ ಲೇಬಲ್ ಸಾಕು. ಅದರ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಒಂದು ಸಂಖ್ಯೆ ಇರುತ್ತೆ. ಆ ಸಂಖ್ಯೆಯನ್ನು ವರ್ಷಕ್ಕೆ 1600 ಗಂಟೆ ಎಸಿ ಓಡಿದರೆ ಎಂಬ ಲೆಕ್ಕದಲ್ಲಿ ಕಟ್ಟಿರ್ತಾರೆ, ಹೊರಗಿನ ತಾಪಮಾನ 24 ಡಿಗ್ರಿಯಿಂದ 43 ಡಿಗ್ರಿವರೆಗೆ ಬೇರೆ ಬೇರೆ ಇರುತ್ತೆ ಅಂತ ಹಿಡಿದು. ಸ್ನೇಹಿತನ ಎಸಿಯ ಲೇಬಲ್‌ನಲ್ಲಿ ಇದ್ದದ್ದು 960. ಅದನ್ನು 1600ರಿಂದ ಭಾಗಿಸಿದರೆ ಗಂಟೆಗೆ 0.6 ಯೂನಿಟ್. ಈ ಪ್ರಕಾರ 8 ಗಂಟೆ, 30 ದಿನಕ್ಕೆ 144 ಯೂನಿಟ್. ಅಪ್ಪನ 384 ಎಲ್ಲಿ, ಈ 144 ಎಲ್ಲಿ!

ಇದೂ ದೇಶಕ್ಕೆಲ್ಲ ಒಂದೇ ಆದ ಸರಾಸರಿ. ರಾಯಚೂರಿನ ಮಟಮಟ ಮಧ್ಯಾಹ್ನ ಎಸಿ ಹಾಕಿದರೆ ಲೇಬಲ್‌ಗಿಂತ ಜಾಸ್ತಿ ತಿನ್ನುತ್ತೆ. ಬೆಂಗಳೂರಿನ ರಾತ್ರಿಗೆ ಕಡಿಮೆ ಸಾಕು. ನಮ್ಮ ಮನೆಯ ಸಂಖ್ಯೆ ನಮಗೆ ಬೇಕು ಅಂದರೆ ನಮ್ಮ ಮೀಟರನ್ನೇ ಕೇಳಬೇಕು.

ಅದಕ್ಕೆ ಯಾವ ಉಪಕರಣವೂ ಬೇಡ, ಫೋನ್ ಕ್ಯಾಮೆರಾ ಸಾಕು. ರಾತ್ರಿ ಹತ್ತಕ್ಕೆ ಮೀಟರ್‌ನ kWh ರೀಡಿಂಗ್ ಫೋಟೋ ತೆಗೀರಿ, ಬೆಳಗ್ಗೆ ಆರಕ್ಕೆ ಇನ್ನೊಂದು. ಒಂದು ರಾತ್ರಿ ಎಸಿ ಇಲ್ಲದೆ, ಒಂದು ರಾತ್ರಿ ಎಸಿ ಹಾಕಿ. ಸ್ನೇಹಿತನ ಮನೆಯಲ್ಲಿ ಎಸಿ ಇಲ್ಲದ ರಾತ್ರಿ ಫ್ರಿಜ್, ಫ್ಯಾನು, ವೈಫೈ ಎಲ್ಲ ಸೇರಿ 1.2 ಯೂನಿಟ್ ಆಯ್ತು. ಎಸಿಯನ್ನು 22 ಡಿಗ್ರಿಗೆ ಇಟ್ಟ ರಾತ್ರಿ 5.2 ಯೂನಿಟ್. ವ್ಯತ್ಯಾಸ 4 ಯೂನಿಟ್. ಅಂದರೆ ಗಂಟೆಗೆ ಅರ್ಧ ಯೂನಿಟ್, ತಿಂಗಳಿಗೆ 120. ಇದು ಅಂದಾಜಲ್ಲ, ಅವರ ಸೂರು, ಅವರ ಕಿಟಕಿ, ಆ ವಾರದ ಸೆಖೆ ಎಲ್ಲ ಸೇರಿದ ಲೆಕ್ಕ.

ಮೊದಲ ಸಂಖ್ಯೆ ಸಿಕ್ಕಿತು. ಈಗ ಎರಡನೆಯದು, ದರ.

2024ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಮನೆ ಬಳಕೆಗೆ ಸ್ಲ್ಯಾಬ್ ಇಲ್ಲ. ಮೊದಲ ಯೂನಿಟ್‌ಗೂ ಮುನ್ನೂರನೇ ಯೂನಿಟ್‌ಗೂ ಒಂದೇ ದರ. 2025-26ರಲ್ಲಿ ಅದು ಯೂನಿಟ್‌ಗೆ ₹5.80. ಇದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ ಅಂತ 36 ಪೈಸೆ, ಜೊತೆಗೆ ವಿದ್ಯುತ್ ಶುಲ್ಕದ ಮೇಲೆ ಶೇ 9 ತೆರಿಗೆ. ಎಲ್ಲ ಸೇರಿದರೆ ಯೂನಿಟ್‌ಗೆ ಸುಮಾರು ₹6.68. ಇಂಧನ ಹೊಂದಾಣಿಕೆ ಶುಲ್ಕ ಅನ್ನೋದು ತಿಂಗಳಿಂದ ತಿಂಗಳಿಗೆ ಕೆಲವು ಪೈಸೆ ಆಚೀಚೆ ಆಗುತ್ತೆ, ಅದನ್ನು ಇಲ್ಲಿ ಬಿಟ್ಟಿದ್ದೀನಿ. ಇದಲ್ಲದೆ ನಿಗದಿತ ಶುಲ್ಕ, ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ₹145. ಇದು ಎಸಿ ಓಡಿದರೂ ಓಡದಿದ್ದರೂ ಒಂದೇ. ನೀವು ಓದುವ ಹೊತ್ತಿಗೆ ದರ ಬದಲಾಗಿದ್ದರೆ ನಿಮ್ಮ ಈ ತಿಂಗಳ ಬಿಲ್ಲಿನಿಂದಲೇ ಸಂಖ್ಯೆ ತಗೊಳ್ಳಿ, ಲೆಕ್ಕ ಮಾಡುವ ರೀತಿ ಅದೇ.

ಗೃಹಜ್ಯೋತಿ ಇಲ್ಲದ ಮನೆಯಾದರೆ ಕಥೆ ಇಲ್ಲಿಗೆ ಮುಗೀತು. ಎಸಿಗೆ 120 ಯೂನಿಟ್, ಗುಣಿಸು 6.68, ಸುಮಾರು ₹800. ಪಿಜಿಯಲ್ಲೋ ಸಬ್‌ಮೀಟರ್ ಇರುವ ರೂಮಿನಲ್ಲೋ ಇದ್ದರೆ ಓನರ್ ಹೇಳುವ ದರವನ್ನು 6.68ರ ಜಾಗದಲ್ಲಿ ಹಾಕಿಕೊಳ್ಳಿ.

ಗೃಹಜ್ಯೋತಿ ಇರುವ ಮನೆಯಲ್ಲಿ ಮಾತ್ರ ಯೂನಿಟ್‌ಗಳೆಲ್ಲ ಒಂದೇ ಬೆಲೆಯವಲ್ಲ. 2023ರಲ್ಲಿ ಶುರುವಾದ ಈ ಯೋಜನೆಯನ್ನು ಎಷ್ಟೋ ಜನ "200 ಯೂನಿಟ್ ಫ್ರೀ" ಅಂತ ಅಷ್ಟೇ ನೆನಪಿಟ್ಟುಕೊಂಡಿದ್ದಾರೆ. ಅದರಲ್ಲಿ ನಿಜವಾಗಿ ಮೂರು ಹಂತ ಇವೆ. ಮೊದಲನೆಯದು ನಿಮ್ಮ ಮನೆಯ ಅರ್ಹ ಮಿತಿ. 2022-23ರ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ ಇದನ್ನು ನಿಗದಿ ಮಾಡಿದ್ದಾರೆ. ಅದರೊಳಗಿದ್ದರೆ ಬಿಲ್ ಸೊನ್ನೆ. ಎರಡನೆಯದು ಆ ಮಿತಿ ದಾಟಿ 200ರವರೆಗೆ. ಇಲ್ಲಿ ಮಿತಿಗಿಂತ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. ಮೂರನೆಯದು 200 ದಾಟಿದ ಮೇಲೆ. ಆಗ ದಾಟಿದ ಯೂನಿಟ್‌ಗಷ್ಟೇ ಅಲ್ಲ, ಒಂದನೇ ಯೂನಿಟ್‌ನಿಂದ ಹಿಡಿದು ಎಲ್ಲದಕ್ಕೂ, ನಿಗದಿತ ಶುಲ್ಕವನ್ನೂ ಸೇರಿಸಿ ಪೂರ್ತಿ ಬಿಲ್ ಕಟ್ಟಬೇಕು. ಮುಂದಿನ ತಿಂಗಳು ಮತ್ತೆ 200ರೊಳಗೆ ಬಂದರೆ ಮತ್ತೆ ಸೌಲಭ್ಯ ಸಿಗುತ್ತೆ.

ಸ್ನೇಹಿತನ ಮನೆಯ ಅರ್ಹ ಮಿತಿ 132 ಯೂನಿಟ್, ಮಂಜೂರಾದ ಲೋಡ್ 3 ಕಿಲೋವ್ಯಾಟ್. ಎಸಿ ಇಲ್ಲದೆ ಬೇಸಿಗೆಯ ಬಳಕೆ 125 ಯೂನಿಟ್. ಬಿಲ್ ಸೊನ್ನೆ. 22 ಡಿಗ್ರಿಯಲ್ಲಿ 8 ಗಂಟೆ ಎಸಿ ಹಾಕಿದರೆ 120 ಸೇರಿ 245 ಯೂನಿಟ್. ಈಗ 245ನ್ನು 6.68ರಿಂದ ಗುಣಿಸಿ, ನಿಗದಿತ ಶುಲ್ಕ ₹435 ಕೂಡಿಸಿ. ಸುಮಾರು ₹2,070. ನೋಡಿ, ಎಸಿ ಕುಡಿದದ್ದು ₹800ರ ಕರೆಂಟು. ಆದರೆ ಎಸಿಯಿಂದ ಜೇಬಿಗೆ ಬಿದ್ದ ಹೊರೆ ಎರಡು ಸಾವಿರ. ಅಪ್ಪನ ಯೂನಿಟ್ ಲೆಕ್ಕ ತಪ್ಪಿತ್ತು, ಭಯ ಮಾತ್ರ ಸರಿಯಾಗಿಯೇ ಇತ್ತು.

ಇನ್ನೂ ಚೆನ್ನಾಗಿ ಕಾಣಬೇಕು ಅಂದರೆ 200 ಮತ್ತು 201ನ್ನು ಅಕ್ಕಪಕ್ಕ ಇಡಿ. ಈ ಮನೆ ಸರಿಯಾಗಿ 200 ಯೂನಿಟ್ ಬಳಸಿದರೆ ಮಿತಿ ಮೀರಿದ 68 ಯೂನಿಟ್‌ಗೆ ಸುಮಾರು ₹454 ಕಟ್ಟಬೇಕು. 201 ಬಳಸಿದರೆ ಪೂರ್ತಿ ಬಿಲ್, ಸುಮಾರು ₹1,778. ಅಂದರೆ ಆ ಇನ್ನೂರ ಒಂದನೇ ಯೂನಿಟ್‌ನ ಬೆಲೆ ಸಾವಿರದ ಮುನ್ನೂರ ಚಿಲ್ಲರೆ ರೂಪಾಯಿ. ಎಸಿ ಎರಡು ಗಂಟೆ ಓಡಿದರೆ ಆಗುವಷ್ಟು ಕರೆಂಟು ಅದು.

ಹಾಗಾಗಿ "ಎಸಿಗೆ ಎಷ್ಟಾಗುತ್ತೆ" ಅಂತ ಕೇಳೋ ಬದಲು "ನನಗೆ ಎಸಿಗೆ ಎಷ್ಟು ಯೂನಿಟ್ ಉಳಿದಿದೆ" ಅಂತ ಕೇಳಬೇಕು. ಲೆಕ್ಕವನ್ನು ಹಿಂದಿನಿಂದ ಶುರುಮಾಡಬೇಕು. 200ರಲ್ಲಿ ಮನೆಯ 125 ಕಳೆದರೆ 75. ನೆಂಟರು ಬರ್ತಾರೆ, ಗೀಸರ್ ಮರೆತುಹೋಗುತ್ತೆ, ಅದಕ್ಕೆ 10 ಯೂನಿಟ್ ಎತ್ತಿಟ್ಟರೆ ಎಸಿಗೆ 65. ದಿನಕ್ಕೆ ಎರಡು ಯೂನಿಟ್‌ಗಿಂತ ಒಂಚೂರು ಜಾಸ್ತಿ.

22 ಡಿಗ್ರಿಯಲ್ಲಿ ಗಂಟೆಗೆ ಅರ್ಧ ಯೂನಿಟ್ ಹೋದರೆ ದಿನಕ್ಕೆ ನಾಲ್ಕೂಕಾಲು ಗಂಟೆ ಸಿಗುತ್ತೆ. ಮಗು ಇರುವ ಮನೆಗೆ ಅದು ಸಾಲದು. ಮೊದಲು ಮಾಡಿದ್ದು ತಾಪಮಾನ ಏರಿಸಿದ್ದು. ಎಸಿಯ ಸೆಟ್ಟಿಂಗ್ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತೆ ಅನ್ನೋದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುವ ಅಂದಾಜು. 2020ರಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು ಅಂಗಡಿಯಿಂದಲೇ 24 ಡಿಗ್ರಿ ಡೀಫಾಲ್ಟ್ ಇಟ್ಟುಕೊಂಡು ಬರೋದು ಇದೇ ಕಾರಣಕ್ಕೆ. ಇವರು 26ಕ್ಕೆ ಇಟ್ಟು, ಸೀಲಿಂಗ್ ಫ್ಯಾನನ್ನು ಎರಡರಲ್ಲಿ ಓಡಿಸಿದ್ರು. ಗಾಳಿ ಆಡುತ್ತಿದ್ದರೆ 26 ಕೂಡ ಮೈಗೆ ತಂಪೇ. ಫ್ಯಾನಿನ ಖರ್ಚು ಎಸಿ ಉಳಿಸುವುದರ ಮುಂದೆ ಏನೂ ಅಲ್ಲ. ಮತ್ತೆ ಮೀಟರ್ ಫೋಟೋ. ಎಂಟು ಗಂಟೆಗೆ ಎಸಿಯ ಪಾಲು 4ರಿಂದ 3.1ಕ್ಕೆ ಇಳಿಯಿತು.

ಆದರೆ ತಿಂಗಳಿಗೆ ಅದು 93. ಮನೆಯ 125 ಸೇರಿ 218. ಬಿಲ್ ಇನ್ನೂ ₹1,890. ಅಷ್ಟು ಕಷ್ಟಪಟ್ಟು ಉಳಿಸಿದ್ದು ಬರೀ ₹180, ಯಾಕಂದ್ರೆ ಇನ್ನೂ 200ರ ಆಚೆಯೇ ಇದ್ದಾರೆ. ಮುಂದಿನ ಹೆಜ್ಜೆ ಗಂಟೆ ಕಡಿಮೆ ಮಾಡೋದು. ಇಲ್ಲೊಂದು ಸೂಕ್ಷ್ಮ ಇದೆ. 3.1ನ್ನು 8ರಿಂದ ಭಾಗಿಸಿ "ಗಂಟೆಗೆ 0.39, ಮೂರು ಗಂಟೆ ಬಿಟ್ಟರೆ 1.17 ಉಳೀತು" ಅಂದುಕೊಳ್ಳುವ ಹಾಗಿಲ್ಲ. ಎಸಿ ಎಲ್ಲ ಗಂಟೆಯಲ್ಲೂ ಸಮ ತಿನ್ನೋದಿಲ್ಲ. ಮೊದಲ ಗಂಟೆಯಲ್ಲಿ ಕಾದ ರೂಮು, ಕಾದ ಹಾಸಿಗೆ, ಕಾದ ಗೋಡೆ ಎಲ್ಲವನ್ನೂ ತಣ್ಣಗೆ ಮಾಡಬೇಕು.

ಇದನ್ನು ನೋಡೋಕೆ ಮೀಟರ್ ಮೇಲಿನ ಕೆಂಪು ದೀಪ ಇದೆ. ಮೀಟರ್ ಮುಖದ ಮೇಲೆ imp/kWh ಅಂತ ಒಂದು ಸಂಖ್ಯೆ ಅಚ್ಚಾಗಿರುತ್ತೆ. ಇವರ ಮನೆಯದು 3200. ದೀಪ 3200 ಸಲ ಮಿಟುಕಿದರೆ ಒಂದು ಯೂನಿಟ್ ಅಂತ ಅರ್ಥ. ಒಂದು ನಿಮಿಷ ಎಣಿಸಿ, 60ರಿಂದ ಗುಣಿಸಿ, 3200ರಿಂದ ಭಾಗಿಸಿದರೆ ಆ ಕ್ಷಣಕ್ಕೆ ಇಡೀ ಮನೆ ಎಳೆಯುತ್ತಿರುವ ಕಿಲೋವ್ಯಾಟ್ ಸಿಗುತ್ತೆ. ಎಸಿ ಹಾಕಿದ ಐದು ನಿಮಿಷಕ್ಕೆ ಎಣಿಸಿದರೆ ನಿಮಿಷಕ್ಕೆ 90 ಮಿಟುಕು, ಹೆಚ್ಚುಕಡಿಮೆ 1.7 ಕಿಲೋವ್ಯಾಟ್. ಮೂರನೇ ಗಂಟೆಯಲ್ಲಿ ಎಣಿಸಿದರೆ 25 ಮಿಟುಕು, 0.47 ಕಿಲೋವ್ಯಾಟ್. ಅದರಲ್ಲಿ ಫ್ರಿಜ್ ಫ್ಯಾನಿನದ್ದು ಕಳೆದರೆ ಎಸಿಯ ಪಾಲು 0.33ರ ಆಸುಪಾಸು. ರೀಡಿಂಗ್‌ನೊಂದಿಗೆ ತಾಳೆ ನೋಡಿದರೆ ಮೊದಲ ಗಂಟೆಗೆ 0.8 ಯೂನಿಟ್, ಆಮೇಲೆ ಪ್ರತಿ ಗಂಟೆಗೆ 0.33.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಮಧ್ಯರಾತ್ರಿ ಆಫ್ ಮಾಡಿ, ಮಗು ಅತ್ತಾಗ ಮತ್ತೆ ಆನ್ ಮಾಡಿದರೆ ರೂಮು ಅಷ್ಟರಲ್ಲಿ ಕಾದುಬಿಟ್ಟಿರುತ್ತೆ, ಮೊದಲ ಗಂಟೆಯ ಖರ್ಚಿನ ಒಂದು ಭಾಗ ಮತ್ತೆ ಬೀಳುತ್ತೆ. ಅಪ್ಪನ ಎರಡು ಗಂಟೆಯ ರೌಂಡ್‌ನಿಂದ ಅವರು ಅಂದುಕೊಂಡಷ್ಟು ಉಳಿತಾಯ ಆಗ್ತಿರಲಿಲ್ಲ. ಎರಡು, ಕಡಿಮೆ ಮಾಡೋದಾದರೆ ಕೊನೆಯ ಗಂಟೆಗಳನ್ನು ಬಿಡಬೇಕು, ಬಿಟ್ಟ ಮೇಲೆ ಮತ್ತೆ ಹಾಕಬಾರದು. ಬೆಂಗಳೂರಿನಲ್ಲಿ ನಸುಕಿಗೆ ಹೊರಗೆ ತಂಪಿರುತ್ತೆ, ಅದು ನಮಗೆ ಅನುಕೂಲವೇ.

ಕೊನೆಗೆ ಗೊತ್ತುಮಾಡಿದ್ದು ಇಷ್ಟು. ಹನ್ನೊಂದಕ್ಕೆ ಆನ್, 26 ಡಿಗ್ರಿ, ಬೆಳಗಿನ ಜಾವ ನಾಲ್ಕಕ್ಕೆ ಟೈಮರ್‌ನಲ್ಲಿ ತಾನೇ ಆಫ್. ಆಮೇಲೆ ಸೊಳ್ಳೆ ಪರದೆ ಇರುವ ಕಿಟಕಿ ತೆಗೆಯೋದು, ಅದನ್ನು ಬೇಗ ಏಳುವ ಅಪ್ಪನೇ ವಹಿಸಿಕೊಂಡರು. ಐದು ಗಂಟೆಗೆ 2.1 ಯೂನಿಟ್, ತಿಂಗಳಿಗೆ 64. ಮನೆಯ 125 ಸೇರಿ 189. ಅರ್ಹ ಮಿತಿಯ 132 ಕಳೆದು 57 ಯೂನಿಟ್‌ಗೆ ಸುಮಾರು ₹380. ಎಂಟು ಗಂಟೆಯಿಂದ ಐದಕ್ಕೆ ಇಳಿಸಿ ಉಳಿಸಿದ ಕರೆಂಟು 29 ಯೂನಿಟ್. ಬೇರೆ ಮನೆಯಲ್ಲಾದರೆ ಅದಕ್ಕೆ ಇನ್ನೂರು ರೂಪಾಯಿ ಬೆಲೆಯೂ ಇಲ್ಲ. ಈ ಮನೆಯಲ್ಲಿ ಅದರಿಂದ ಉಳಿದದ್ದು ₹1,500.

ಈ ಲೆಕ್ಕ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಸೆಖೆ ಏರಿದರೆ ಅದೇ ಐದು ಗಂಟೆಗೆ ಯೂನಿಟ್ ಏರುತ್ತೆ, ಆದ್ದರಿಂದ ವಾರಕ್ಕೊಮ್ಮೆ ರೀಡಿಂಗ್ ನೋಡಿ. ಹತ್ತು ದಿನಕ್ಕೆ 63 ದಾಟಿದ್ದರೆ ತಿಂಗಳ ಕೊನೆಗೆ 189ರಲ್ಲಿ ನಿಲ್ಲೋದಿಲ್ಲ ಅಂತ ಆಗಲೇ ಗೊತ್ತಾಗುತ್ತೆ. ಇನ್ನೊಂದು ಎಸಿಯ ಆರೋಗ್ಯ. ಮೂರನೇ ಗಂಟೆಯಲ್ಲೂ ದೀಪ ಮೊದಲ ಹತ್ತು ನಿಮಿಷದಷ್ಟೇ ಜೋರಾಗಿ ಮಿಟುಕುತ್ತಿದ್ದರೆ ಎಸಿ ಗುರಿ ಮುಟ್ಟೋಕೆ ಆಗದೆ ಒದ್ದಾಡ್ತಿದೆ ಅಂತ ಅರ್ಥ. ಮೊದಲು ಫಿಲ್ಟರ್ ತೆಗೆದು ತೊಳೀರಿ, ಬಾಗಿಲಿನ ಕೆಳಗಿನ ಸಂದಿ ಮುಚ್ಚಿ. ಆಗಲೂ ಇಳಿಯದಿದ್ದರೆ ಗ್ಯಾಸ್ ಸೋರಿಕೆ ಇದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸಿ. ರಿಮೋಟಿನಲ್ಲಿ 18ಕ್ಕೆ ಇಳಿಸಿದರೆ ಬೇಗ ತಂಪಾಗೋದಿಲ್ಲ. ಕಾದ ರೂಮಿನಲ್ಲಿ ಅದು ಆಗಲೇ ಪೂರ್ತಿ ಓಡ್ತಿರುತ್ತೆ, 18 ಇಟ್ಟರೆ ನಿಧಾನ ಆಗೋ ಅವಕಾಶವನ್ನೇ ಕೊಡದ ಹಾಗೆ ಆಗುತ್ತೆ.

ಮಗುವಿಗೆ ಜ್ವರ, ಮನೆಯಲ್ಲಿ ಬಾಣಂತಿ, ವಯಸ್ಸಾದವರಿಗೆ ಸೆಖೆ ತಡೆಯೋಕೆ ಆಗ್ತಿಲ್ಲ ಅಂದಾಗ 200ರ ಗೆರೆ ಹಿಡಿದು ಕೂರಬೇಡಿ. ದಾಟಿದ ಮೇಲೆ ಪ್ರತಿ ಯೂನಿಟ್ ಮತ್ತೆ ₹6.68 ಮಾತ್ರ, ಅಂದರೆ ಆ ತಿಂಗಳು ಇಡೀ ರಾತ್ರಿ ಧಾರಾಳವಾಗಿ ಹಾಕಿಕೊಳ್ಳಬಹುದು. ದಂಡ ಬೀಳೋದು ಗೆರೆ ದಾಟುವಾಗ ಒಂದು ಸಲ, ಪ್ರತಿ ತಿಂಗಳಿಗೆ. ಆದ್ದರಿಂದ ದಾಟೋದೇ ಆದರೆ ಒಂದೇ ತಿಂಗಳಲ್ಲಿ ದಾಟಿ, ಎರಡು ತಿಂಗಳಲ್ಲಿ 205, 210 ಅಂತ ಎರಡು ಸಲ ದಾಟಬೇಡಿ. ಇಲ್ಲಿ ತಿಂಗಳು ಅಂದರೆ ಒಂದನೇ ತಾರೀಕಿನಿಂದ ಮೂವತ್ತಲ್ಲ, ಮೀಟರ್ ರೀಡರ್ ಬಂದ ದಿನದಿಂದ ಮತ್ತೆ ಬರುವ ದಿನದವರೆಗೆ. ಹಿಂದಿನ ಬಿಲ್ ತೆಗೆದು ಆ ತಾರೀಕು, ಆ ರೀಡಿಂಗ್, ನಿಮ್ಮ ಅರ್ಹ ಮಿತಿ, ಮೂರನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಈ ಬೇಸಿಗೆಗೆ ಅಷ್ಟು ಸಾಕು.